ಸೀಸೆಯಲ್ಲಿದ್ದ ಕಂದು ಕಾಳು

ಅವಳು ನಮ್ಮ ಅಂಗಡಿಗೆ ಕೆಲಸ ಕೇಳಿಕೊಂಡು ಬಂದ ದಿನವೇ ಗೋಡೌನಿನಲ್ಲಿ ಹಲಗೆಯ ಅಟ್ಟಣೆ ಮುರಿದು ಬಿದ್ದಿತ್ತು. ಮೇಲಿದ್ದ ಹತ್ತು ಹನ್ನೆರಡು ಚೀಲಗಳು ಒಡೆದು ಕಾಳು, ಬೇಳೆ ಎಲ್ಲ ಒಂದೇ ರಾಶಿಯಾಗಿ ನೆಲದ ಮೇಲೆ ಹರಡಿಕೊಂಡಿದ್ದವು. ಅಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರು. ಅವಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಯಾರನ್ನೂ ಏನೂ ಕೇಳದೆ ಮೊರ ಎತ್ತಿಕೊಂಡಳು.

"ಅದನ್ನ ಆರಿಸೋಕಾಗಲ್ಲಮ್ಮಾ, ದನಕ್ಕೆ ಹಾಕೋದೇ," ಅಂದರು ಅಪ್ಪ.

"ಕಣ್ಣಿಂದ ಆರಿಸಿದ್ರೆ ಆಗಲ್ಲ," ಅಂದಳು ಅವಳು.

ಮೂರು ದಿನದಲ್ಲಿ ರಾಶಿ ಕರಗಿತು. ಅವಳು ಗೋಡೆಯ ಕಡೆ ಎಲ್ಲೋ ನೋಡುತ್ತಾ ಕುಳಿತಿರುತ್ತಿದ್ದಳು, ಬೆರಳುಗಳು ತಮ್ಮ ಪಾಡಿಗೆ ಓಡುತ್ತಿದ್ದವು. ನನಗೆ ಆಗ ಇಪ್ಪತ್ತೆರಡು. ತಕ್ಕಡಿಯ ಹಿಂದೆ ಕುಳಿತೇ ಬೆಳೆದವಳು ನಾನು, ಆದರೂ ಅವಳು ಹೇಳಿಕೊಟ್ಟ ಮೇಲೇ ನನಗೆ ಬೇಳೆ ಅಂದರೆ ಏನೆಂದು ತಿಳಿದದ್ದು. ಸಿಪ್ಪೆ ತೆಗೆದ ತೊಗರಿಬೇಳೆಯನ್ನೂ ಕಡಲೆಬೇಳೆಯನ್ನೂ ನಾನು ಬಣ್ಣದಿಂದ ಗುರುತಿಸುತ್ತಿದ್ದೆ. ಹಾಗೆ ಗುರುತಿಸುವವರು ಮಬ್ಬು ಬೆಳಕಿನಲ್ಲಿ ಮೋಸ ಹೋಗುತ್ತಾರೆ, ಎರಡೂ ಹಳದಿಯೇ ತಾನೆ. "ಬೆರಳಲ್ಲಿ ಹಿಡಿ," ಅನ್ನುತ್ತಿದ್ದಳು. ತೊಗರಿ ಗುಂಡಗೆ, ತೆಳ್ಳಗೆ, ನುಣ್ಣಗೆ, ಅಂಗಿಯ ಗುಂಡಿಯ ಹಾಗೆ. ಕಡಲೆಬೇಳೆಗೆ ಬೆನ್ನು ದಪ್ಪ, ಮೈ ಒರಟು, ಒಂದು ಕಡೆ ಮೂತಿ. ಹೆಸರುಬೇಳೆ ಚಿಕ್ಕದು, ಉದ್ದುದ್ದ, ಹಿಡಿದರೆ ಜಾರುತ್ತದೆ. ಉದ್ದಿನಬೇಳೆಯೂ ಅದೇ ಅಚ್ಚಿನದೇ, ಆದರೆ ಬಿಳಿ, ಇನ್ನಷ್ಟು ತೋರ, ಉಜ್ಜಿದರೆ ಬೆರಳಿಗೆ ಹಿಟ್ಟು ಅಂಟುತ್ತದೆ.

ಸಿಪ್ಪೆಯೊಂದಿಗೆ ಒಡೆದಿದ್ದರೆ ಇನ್ನೂ ಸುಲಭ. ಹೆಸರಿಗೆ ಹಸಿರು ಅಂಗಿ, ಉದ್ದಿಗೆ ಕಪ್ಪು ಅಂಗಿ. ಇಡೀ ಕಾಳೇ ಆದರೂ ಅಷ್ಟೇ: ಹಸಿರುಕಾಳು ಹೆಸರು, ಕಪ್ಪುಕಾಳು ಉದ್ದು, ಮೂಗಿನಂಥ ಮೊನೆಯಿರುವ ದೊಡ್ಡದು ಕಡಲೆ. ಜನ ಎಡವುವುದು ಕಂದು ಕಾಳುಗಳಲ್ಲಿ. ತೊಗರಿಯ ಇಡೀ ಕಾಳೂ ಕಂದು, ಮಸೂರಿನ ಇಡೀ ಕಾಳೂ ಕಂದು. ಅಡುಗೆಮನೆಯ ಡಬ್ಬಿಯಲ್ಲಿ ಹಳದಿ ತೊಗರಿಬೇಳೆಯನ್ನೂ ಕಿತ್ತಳೆ ಬಣ್ಣದ ಮಸೂರ್ ಬೇಳೆಯನ್ನೂ ಮಾತ್ರ ನೋಡಿದವರಿಗೆ, ಸಿಪ್ಪೆ ಹೊದ್ದ ಇವೆರಡೂ ಯಾರೋ ಪರದೇಶದವರಂತೆ ಕಾಣುತ್ತವೆ.

ಎಲ್ಲರೂ ಅವಳನ್ನು ಬೇಳೆಯಕ್ಕ ಎಂದೇ ಕರೆಯತೊಡಗಿದರು. ಅವಳಿಗೆ ಗಂಡನಿರಲಿಲ್ಲ, ಮಕ್ಕಳಿರಲಿಲ್ಲ. ನಮ್ಮ ಗೋಡೌನಿನ ಹಿಂದಿನ ಒಂಟಿ ಕೋಣೆಯಲ್ಲಿ ಒಂದು ಟ್ರಂಕು, ಒಂದು ಚಾಪೆ, ಒಂದು ಸ್ಟವ್ ಇಟ್ಟುಕೊಂಡು ಉಳಿದುಬಿಟ್ಟಳು.

ಎರಡು ವಿಷಯ ಮಾತ್ರ ವಿಚಿತ್ರವೆನಿಸುತ್ತಿದ್ದವು. ಒಂದು, ಮಸೂರ್ ಬೇಳೆಯ ಚೀಲವನ್ನು ಅವಳು ಮುಟ್ಟುತ್ತಿರಲಿಲ್ಲ. ಅದನ್ನು ಬಿಚ್ಚುವಾಗ, ಸುರಿಯುವಾಗ ನನ್ನನ್ನು ಕರೆದು ತಾನು ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದಳು. ಇನ್ನೊಂದು, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅವಳ ಕೈ ನಿಂತುಹೋಗುತ್ತಿತ್ತು. ಬಾಗಿಲ ಕಡೆ ತಿರುಗಿ, ಯಾರಿಗೋ ಕಿವಿಗೊಟ್ಟಂತೆ ತಲೆ ವಾಲಿಸುತ್ತಿದ್ದಳು. ಒಮ್ಮೊಮ್ಮೆ ತುಟಿ ಅಲ್ಲಾಡುತ್ತಿತ್ತು. ನಾನು ಬಗ್ಗಿ ನೋಡಿದರೆ ಬಾಗಿಲಲ್ಲಿ ಬಿಸಿಲು ಬಿಟ್ಟರೆ ಏನೂ ಇರುತ್ತಿರಲಿಲ್ಲ.

"ಕಾಣೋ ಗಿರಾಕಿಗಳೇ ಕಮ್ಮಿ ಆಗಿದ್ದಾರೆ, ಈಗ ಕಾಣದೇ ಇರೋರೂ ಬರೋಕೆ ಶುರು ಮಾಡಿದ್ರಾ?" ಎಂದು ಅಪ್ಪ ಒಂದು ದಿನ ತಮಾಷೆ ಮಾಡಿದರು. ಅವಳು ನಗಲಿಲ್ಲ. ಅಪ್ಪ ಮತ್ತೆ ಆ ಮಾತೆತ್ತಲಿಲ್ಲ.

ಮೂರನೆಯ ವರ್ಷ ಒಂದು ಬೆಳಿಗ್ಗೆ ನನಗೂ ಕೇಳಿಸಿತು. ಟಿಣ್, ಟಿಣ್ ಎಂದು ಎರಡು ಸಲ, ಸ್ಟೀಲ್ ತಟ್ಟೆಯ ಅಂಚನ್ನು ಕಬ್ಬಿಣದ ಬಾಗಿಲಿಗೆ ತಟ್ಟಿದ ಹಾಗೆ. ಪಕ್ಕದಲ್ಲಿ ಪಾತ್ರೆ ಅಂಗಡಿಯಿದೆ, ಅಲ್ಲಿಯದೇ ಇರಬಹುದು ಎಂದುಕೊಂಡೆ. ಆದರೆ ಆ ದಿನ ಪಾತ್ರೆ ಅಂಗಡಿಗೆ ಬೀಗ ಹಾಕಿತ್ತು. ಬೇಳೆಯಕ್ಕ ನನ್ನ ಮುಖ ನೋಡಿದಳು.

"ನಿಂಗೂ ಕೇಳಿಸ್ತಾ?" ಅಂದಳು. ಅಷ್ಟು ಮೆಲ್ಲಗೆ ಅವಳು ಎಂದೂ ಮಾತಾಡಿದ್ದಿಲ್ಲ. ಆಮೇಲೆ ಹೇಳಿದಳು.

ಅವಳು ಮೊದಲು ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದಳು. ನೂರೆಂಬತ್ತು ಮಕ್ಕಳು. ಅವರಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗಿಗೆ ಮಸೂರ್ ಆಗುತ್ತಿರಲಿಲ್ಲ. ಒಂದು ತುತ್ತು ಹೋದರೂ ತುಟಿ ಊದಿ, ಗಂಟಲು ಕಟ್ಟಿ, ಉಸಿರಿಗೇ ಕುತ್ತು ಬರುತ್ತಿತ್ತು. ತೊಗರಿ, ಹೆಸರು, ಉದ್ದು, ಕಡಲೆ ಯಾವುದಕ್ಕೂ ತೊಂದರೆಯಿಲ್ಲ, ಮಸೂರ್ ಒಂದೇ ಕೂಡದು ಎಂದು ಡಾಕ್ಟರು ಬರೆದುಕೊಟ್ಟಿದ್ದ ಚೀಟಿ ಉಗ್ರಾಣದ ಗೋಡೆಗೆ ಅಂಟಿಸಿತ್ತು. ಆ ಹುಡುಗಿ ದಿನಾ ಹನ್ನೊಂದು ಗಂಟೆಯ ಬಿಡುವಿನಲ್ಲಿ ಊಟದ ತಟ್ಟೆ ಹಿಡಿದು ಬಂದು, ಉಗ್ರಾಣದ ಕಬ್ಬಿಣದ ಬಾಗಿಲಿಗೆ ಎರಡು ಸಲ ತಟ್ಟಿ, "ಅಕ್ಕಾ, ಇವತ್ತು ಯಾವ ಬೇಳೆ?" ಎಂದು ಕೇಳುತ್ತಿದ್ದಳು. ಮಸೂರ್ ಅಂದ ದಿನ ಅವಳಿಗೆ ಬೇರೆ ಸಾರು.

ಒಂದು ದಿನ ತೊಗರಿ ನಾಲ್ಕು ಅಳತೆ ಕಡಿಮೆ ಬಿತ್ತು. ಹೊಸ ಚೀಲ ಬರುವುದು ಮಧ್ಯಾಹ್ನ. ಬೇಳೆಯಕ್ಕ ಪಕ್ಕದ ಡಬ್ಬಿಯಿಂದ ನಾಲ್ಕು ಅಳತೆ ಮಸೂರ್ ತೆಗೆದು ಅದಕ್ಕೆ ಸೇರಿಸಿದಳು. ಹಸಿಯಾಗಿದ್ದಾಗ ಎಷ್ಟೇ ಕೆಂಪಗಿದ್ದರೂ ಬೆಂದ ಮೇಲೆ ಮಸೂರ್ ಹಳದಿಗೆ ತಿರುಗುತ್ತದೆ. ತೊಗರಿಯೊಂದಿಗೆ ಕರಗಿಹೋದರೆ ಅದನ್ನು ಹುಟ್ಟಿಸಿದವನಿಗೂ ಗುರುತು ಸಿಗದು. ಬಡಿಸುವವಳಿಗೆ ಹೇಳಬೇಕು ಎಂದುಕೊಂಡಳು. ಅಷ್ಟರಲ್ಲಿ ತರಕಾರಿ ಗಾಡಿ ಬಂತು, ಕೊಳೆತ ಟೊಮೆಟೊ ವಿಷಯಕ್ಕೆ ಗಾಡಿಯವನ ಜೊತೆ ಜಗಳವಾಯಿತು. ಜಗಳದ ನಡುವೆ ಬಾಗಿಲು ಟಿಣ್ ಟಿಣ್ ಎಂದಿತು.

"ತೊಗರಿ ಕಣೇ, ಹೋಗು," ಅಂದಳು, ತಿರುಗಿಯೂ ನೋಡದೆ.

ಸಂಜೆಯೊಳಗೆ ಹುಡುಗಿ ಹೋಗಿಬಿಟ್ಟಳು. ಆಸ್ಪತ್ರೆಯ ದಾರಿ ಒಂದೂವರೆ ಗಂಟೆಯದು.

ವಿಚಾರಣೆಗೆ ಬಂದವರು ಕೇಳಿದಾಗ ಬೇಳೆಯಕ್ಕ ತೊಗರಿ ಎಂದೇ ಹೇಳಿದಳು. ಅಷ್ಟು ಹೊತ್ತಿಗೆ ಹಂಡೆ ತೊಳೆದಿಟ್ಟಾಗಿತ್ತು. ಹುಡುಗಿಯ ಪೆಟ್ಟಿಗೆಯಲ್ಲಿ, ತಾಯಿ ಮನೆಯಿಂದ ಕಳಿಸಿದ್ದ ಯಾವುದೋ ಕಾಳಿನ ಪುಡಿಯ ಡಬ್ಬಿ ಸಿಕ್ಕಿತು. ಆ ದಿನ ಅನ್ನಕ್ಕೆ ಅದನ್ನೂ ಕಲಸಿಕೊಂಡಿದ್ದಳಂತೆ. ಡಬ್ಬಿ ಖಾಲಿ. ಪುಡಿಯಿಂದಲೇ ಆಗಿರಬೇಕು ಎಂದು ಬರೆದುಕೊಂಡು ಅವರು ಹೋದರು.

"ನಾನೂ ಹಾಗೇ ಅಂದ್ಕೊಂಡೆ," ಎಂದಳು ಬೇಳೆಯಕ್ಕ. "ನಾಲ್ಕು ಅಳತೆ ಎಷ್ಟು ಮಹಾ, ನೂರೆಂಬತ್ತು ಜನದ ಸಾರಲ್ಲಿ. ಪುಡೀಲೇ ಏನೋ ಇತ್ತು. ಇದ್ದಿರಲೇಬೇಕು. ದಿನಾ ಹಾಗೇ ಹೇಳ್ಕೊಳ್ತೀನಿ. ದಿನಾ ಹನ್ನೊಂದಕ್ಕೆ ಬಂದು ಬಾಗಿಲು ತಟ್ತಾಳೆ."

"ಏನಂತಾಳೆ?"

"ಅದೇ ಮಾತು. ಸಿಟ್ಟಿಲ್ಲ, ಏನಿಲ್ಲ. ಯಾವ ಬೇಳೆ ಅಂತ ಕೇಳ್ತಾಳೆ, ಅಷ್ಟೇ."

ಬೇರೆಯವರಿಗೆ ಹೇಳಬೇಡ ಎಂದು ಅವಳು ನನ್ನಿಂದ ಮಾತು ತೆಗೆದುಕೊಳ್ಳಲಿಲ್ಲ. ಆದರೂ ನಾನು ಯಾರಿಗೂ ಹೇಳಲಿಲ್ಲ, ಅಪ್ಪನಿಗೂ. ಅಂದಿನಿಂದ ಹನ್ನೊಂದು ಗಂಟೆ ಆಗುತ್ತಿದ್ದಂತೆ ನಾನೂ ತಕ್ಕಡಿಯಿಂದ ಕಣ್ಣೆತ್ತಿ ಬಾಗಿಲು ನೋಡುವುದು ರೂಢಿಯಾಯಿತು. ಮದುವೆಯಾಗಿ ಎರಡು ಬೀದಿ ಆಚೆಯ ಮನೆಗೆ ಹೋದ ಮೇಲೂ, ಅಂಗಡಿಯಲ್ಲಿರಲಿ ಮನೆಯಲ್ಲಿರಲಿ, ಆ ಹೊತ್ತಿಗೆ ನನ್ನ ಬೆನ್ನು ತಣ್ಣಗಾಗುತ್ತಿತ್ತು. ಇದನ್ನೂ ಯಾರಿಗೂ ಹೇಳಲಿಲ್ಲ.

ಹುಡುಗಿ ಸತ್ತು ಒಂಬತ್ತು ವರ್ಷವಾಗಿತ್ತು. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ವೇಳೆ, ಐವತ್ತರ ಹತ್ತಿರದ ಹೆಂಗಸೊಬ್ಬಳು ಅಂಗಡಿಯ ಮೆಟ್ಟಿಲ ಕೆಳಗೆ ನಿಂತು ಹೋಗುವುದೋ ಬರುವುದೋ ತಿಳಿಯದವಳಂತೆ ಸೆರಗು ತಿರುವುತ್ತಿದ್ದಳು. ನಾನು ಒಳಗೆ ಕರೆದೆ.

"ಇಲ್ಲಿ ಕಾಳು ಗುರುತಿಸೋರು ಒಬ್ರು ಇದ್ದಾರಂತಲ್ಲ?"

ಬೇಳೆಯಕ್ಕ ಮೊರದಿಂದ ತಲೆಯೆತ್ತಿದಳು. ಅವಳ ಮುಖದ ರಕ್ತವೆಲ್ಲ ಇಳಿದುಹೋದದ್ದನ್ನು ನಾನು ನೋಡಿದೆ. ಹಾಸ್ಟೆಲಿನ ಅಂಗಳದಲ್ಲಿ, ಮಗಳ ದೇಹ ತಂದಾಗ, ಮಣ್ಣಿನಲ್ಲಿ ಹೊರಳಾಡಿದ ಹೆಂಗಸನ್ನು ಅವಳು ಒಮ್ಮೆಯೇ ನೋಡಿದ್ದಳಂತೆ. ಒಮ್ಮೆ ಸಾಕಾಗಿತ್ತು. ಆ ಹೆಂಗಸಿಗೆ ಮಾತ್ರ ಇವಳ ಗುರುತಿರಲಿಲ್ಲ. ಆ ದಿನ ಅವಳು ಯಾರ ಮುಖವನ್ನೂ ನೋಡಿರಲಿಲ್ಲ.

ಬಂದವಳು ಚೀಲದಿಂದ ಬಟ್ಟೆ ಸುತ್ತಿದ ಚಿಕ್ಕ ಗಾಜಿನ ಸೀಸೆ ತೆಗೆದಳು. ತಳದಲ್ಲಿ ಒಂದು ಹಿಡಿಯಷ್ಟು ಕಂದು ಕಾಳು, ನಡುವೆ ಹುಳ ಕೊರೆದ ಧೂಳು.

"ಇದು ಏನು ಅಂತ ಹೇಳ್ಬೇಕಕ್ಕಾ," ಅಂದಳು. ಆಮೇಲೆ ಯಾರೂ ಕೇಳದೆಯೇ ಎಲ್ಲವನ್ನೂ ಹೇಳಿದಳು, ದಾರಿಯುದ್ದಕ್ಕೂ ಹೇಳಿಕೊಳ್ಳುತ್ತಲೇ ಬಂದವಳ ಹಾಗೆ. ಪಕ್ಕದ ಮನೆಯ ಅಜ್ಜಿಯೊಬ್ಬರು ಊರಿಂದ ತಂದ ಕಾಳು ಕೊಟ್ಟಿದ್ದರು. ಏನು ಕಾಳು ಎಂದು ಕೇಳಿದ್ದಕ್ಕೆ, ಹೊಲದ್ದು, ಹುರಿದು ಪುಡಿ ಮಾಡು, ಮಗೂಗೆ ಶಕ್ತಿ ಬರುತ್ತೆ ಎಂದಿದ್ದರು. ಮಸೂರ್ ಅಂದರೆ ಕಿತ್ತಳೆ ಬಣ್ಣ ಎಂದೇ ಇವಳಿಗೆ ಗೊತ್ತಿದ್ದದ್ದು. ಕಂದು ಕಾಳಿನ ಮೇಲೆ ಅನುಮಾನವೇ ಬರಲಿಲ್ಲ. ಉದ್ದಿನ ಜೊತೆ ಹುರಿದು ಪುಡಿ ಮಾಡಿ ಕಳಿಸಿದಳು, ಉಳಿದದ್ದು ಈ ಸೀಸೆಯಲ್ಲಿತ್ತು. ಮಗಳು ಹೋದ ಮೇಲೆ ಯಾರೋ ಅಂದರು, ಸಿಪ್ಪೆ ತೆಗೆಯದ ಮಸೂರ್ ಕಂದು ಬಣ್ಣವೇ ಇರುತ್ತದೆ ಎಂದು. ಅಷ್ಟರಲ್ಲಿ ಅಜ್ಜಿಯೂ ತೀರಿಕೊಂಡಿದ್ದರು.

"ಆವತ್ತೇ ಯಾರಿಗಾದ್ರೂ ತೋರಿಸ್ಬಹುದಿತ್ತಲ್ಲ," ಎಂದೆ ನಾನು. ಕೇಳಬಾರದಿತ್ತು.

"ಗೊತ್ತಾಗಿಬಿಟ್ರೆ?" ಅಂದಳು. "ಗೊತ್ತಾದ ಮೇಲೆ ಬದುಕೋದು ಹೇಗೆ? ನಮ್ಮ ಮನೆಯವ್ರು ಆವತ್ತಿಂದ ನನ್ನ ಕೈ ಅಡುಗೆ ಊಟ ಮಾಡಿಲ್ಲ. ಬೈಯಲ್ಲ, ಹೊಡೆಯಲ್ಲ. ತಮ್ಮದು ತಾವು ಬೇಯಿಸ್ಕೋತಾರೆ. ಒಂದೇ ಅಡುಗೆಮನೇಲಿ ಎರಡು ಒಲೆ. ಮೊನ್ನೆ ಅವ್ರಿಗೆ ಜ್ವರ ಬಂತು. ಗಂಜಿ ಮಾಡಿ ಕೊಟ್ಟೆ. ಗೋಡೆ ಕಡೆ ತಿರುಗಿ ಮಲಗಿದ್ರು. ಇನ್ನು ತಡ್ಕೊಳ್ಳೋಕಾಗಲ್ಲ. ಏನಿದ್ರೂ ಹೇಳಿಬಿಡಿ."

ಬೇಳೆಯಕ್ಕ ಸೀಸೆಯ ಮುಚ್ಚಳ ತೆಗೆದು ಅಂಗೈಗೆ ಸುರಿದುಕೊಂಡಳು. ಯಾವ ಕಾಳನ್ನೂ ಕಣ್ಣುಮುಚ್ಚಿ ಹೇಳುತ್ತಿದ್ದವಳು ಆ ದಿನ ಬೆಳಕಿಗೆ ಹಿಡಿದು ನೋಡಿದಳು, ಮತ್ತೆ ಮತ್ತೆ ತಿರುಗಿಸಿದಳು. ಇಡೀ ಮಸೂರ್ ಚಪ್ಪಟೆ, ಎರಡು ಕಡೆಯೂ ಮಧ್ಯೆ ಉಬ್ಬಿ ಅಂಚು ತೆಳುವಾದದ್ದು. ತೊಗರಿಕಾಳು ಬಟಾಣಿಯ ಹಾಗೆ ಗುಂಡಗೆ, ಒಂದು ಮೂಲೆಯಲ್ಲಿ ಬಿಳಿ ಕಣ್ಣು. ಇವು ಒಂಬತ್ತು ವರ್ಷದ ಕಾಳು. ಒಣಗಿ ಸುರುಟಿದ್ದವು, ಹುಳ ತಿಂದು ಆಕಾರ ಕೆಟ್ಟಿತ್ತು, ಬಣ್ಣ ಕಪ್ಪಿಗೆ ತಿರುಗಿತ್ತು. ತಕ್ಕಡಿಯ ಹಿಂದಿನಿಂದ ನನಗಂತೂ ಏನೂ ತಿಳಿಯಲಿಲ್ಲ.

"ಒಡೆದು ನೋಡ್ಬೇಕು," ಅಂದಳು. "ಸಿಪ್ಪೆ ಸುಳ್ಳು ಹೇಳಬಹುದು. ಒಳಗಿನ ಬೇಳೆ ಹೇಳಲ್ಲ. ಮಸೂರ್ ಆದ್ರೆ ಒಳಗೆ ಕೆಂಪು. ತೊಗರಿ ಆದ್ರೆ ಹಳದಿ."

ನಾನು ಕುಟ್ಟಾಣಿ ತಂದುಕೊಟ್ಟೆ. ಹುಳ ಮುಟ್ಟದ ಒಂದು ಕಾಳನ್ನು ಆರಿಸಿ ಇಟ್ಟು, ಮೆಲ್ಲಗೆ ಒಂದು ಪೆಟ್ಟು ಕೊಟ್ಟಳು. ಕಾಳು ಹಾರಿತು. ಇನ್ನೊಂದು ಇಟ್ಟಳು. ಆ ತಾಯಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಎರಡೂ ಕೈಯಲ್ಲಿ ತಕ್ಕಡಿಯ ಮುಂದಿನ ಹಲಗೆ ಹಿಡಿದುಕೊಂಡಿದ್ದಳು. ಎರಡನೆಯ ಪೆಟ್ಟಿಗೆ ಸಿಪ್ಪೆ ಸಿಡಿದು ಕಾಳು ಎರಡಾಯಿತು.

ಹಳದಿ.

ಇನ್ನೊಂದು ಒಡೆದಳು. ಹಳದಿ. ಮತ್ತೊಂದು, ಮಗದೊಂದು. ಅಂಗೈಯಲ್ಲಿದ್ದ ಗಟ್ಟಿ ಕಾಳುಗಳನ್ನೆಲ್ಲ ಒಂದೊಂದಾಗಿ ಒಡೆಯುತ್ತಲೇ ಹೋದಳು. ಸಾಕು ಎಂದು ನಾನು ಹೇಳಿದರೂ ಬಿಡಲಿಲ್ಲ. ಎಲ್ಲವೂ ಹಳದಿ. ಒಂದರಲ್ಲೂ ಕೆಂಪಿನ ನೆರಳಿರಲಿಲ್ಲ.

"ತೊಗರಿಕಾಳಮ್ಮಾ," ಅಂದಳು ಕೊನೆಗೆ. "ಬರೀ ತೊಗರಿ. ನೀವು ಕಳಿಸಿದ್ದು ಉದ್ದು, ತೊಗರಿ. ನಿಮ್ಮ ಮಗೂಗೆ ಎರಡೂ ಆಗ್ತಿತ್ತು."

ಆ ತಾಯಿ ಕಣ್ಣು ತೆರೆದಳು. ಒಡೆದ ಬೇಳೆಯನ್ನು ಬೆರಳ ತುದಿಯಿಂದ ಮುಟ್ಟಿದಳು. ಅಳಲಿಲ್ಲ, ನಗಲಿಲ್ಲ. ತನಗೇ ಹೇಳಿಕೊಳ್ಳುವಂತೆ, "ಹಾಗಾದ್ರೆ ನನ್ನ ಮಗು ತಿಂದಿದ್ದೇನು?" ಅಂದಳು.

ಅಲ್ಲಿಗೆ ಸುಮ್ಮನಿದ್ದುಬಿಡಬಹುದಿತ್ತು. ದೇವರಿಗೇ ಗೊತ್ತಮ್ಮಾ ಅಂದಿದ್ದರೆ ಅವಳು ಸೀಸೆಯನ್ನು ಎತ್ತಿಕೊಂಡು, ಹಗುರಾಗಿ ಮನೆಗೆ ಹೋಗಿರುತ್ತಿದ್ದಳು. ನಾನು ಬೇಳೆಯಕ್ಕನ ಕಡೆ ನೋಡಿದೆ. ಸುಮ್ಮನಿರು ಎಂದು ನನ್ನ ಕಣ್ಣು ಹೇಳಿತೇನೋ. ಹೇಳಿರಬಹುದು. ಅವಳು ನನ್ನನ್ನು ನೋಡಲಿಲ್ಲ. ಕುಟ್ಟಾಣಿಯನ್ನು ಕೆಳಗಿಟ್ಟು, ಎದ್ದು ನಿಂತು, ಕೈ ಜೋಡಿಸಿದಳು.

"ಆ ಹಾಸ್ಟೆಲಿನ ಉಗ್ರಾಣ ನೋಡ್ಕೋತಿದ್ದೋಳು ನಾನು," ಅಂದಳು. "ಆವತ್ತು ತೊಗರಿ ಕಮ್ಮಿ ಬಿತ್ತು. ನಾಲ್ಕು ಅಳತೆ ಮಸೂರ್ ಹಾಕ್ದೆ. ಮಗು ಬಂದು ಕೇಳ್ತು. ತೊಗರಿ ಅಂದೆ."

ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸುತ್ತಾ ಹೋದರು. ಆ ತಾಯಿ ಒಡೆದ ಬೇಳೆಯನ್ನೆಲ್ಲ ಬಟ್ಟೆಗೆ ಬಳಿದು ಗಂಟು ಕಟ್ಟಿದಳು. ಹೊಡೆಯುತ್ತಾಳೆ, ಕಿರುಚುತ್ತಾಳೆ ಎಂದು ನಾನು ತಕ್ಕಡಿ ಬಿಟ್ಟು ಮುಂದೆ ಬಂದಿದ್ದೆ.

"ಇದನ್ನ ಇನ್ನೊಂದ್ಸಲ ಹೇಳ್ಬೇಕು ನೀವು," ಅಂದಳು ಅವಳು. "ನಮ್ಮ ಮನೆಯವ್ರ ಮುಂದೆ. ನಾನು ಹೇಳಿದ್ರೆ ನಂಬಲ್ಲ."

ಆಗಲೇ ಹೊರಟೆವು. ಬೇಳೆಯಕ್ಕನೊಬ್ಬಳನ್ನೇ ಕಳಿಸಲು ನನಗೆ ಮನಸ್ಸಾಗಲಿಲ್ಲ. ಅಂಗಡಿಯನ್ನು ಅಪ್ಪನಿಗೆ ಒಪ್ಪಿಸಿ ಜೊತೆಗೆ ಹೋದೆ. ಬಸ್ಸಿನಲ್ಲಿ ಅರ್ಧ ಗಂಟೆ. ಮೂವರೂ ಒಂದೇ ಸೀಟಿನಲ್ಲಿ ಕುಳಿತೆವು.

ಹಿಂಬದಿಯ ಬಾಗಿಲಿಂದ ನೇರ ಅಡುಗೆಮನೆಗೆ ಹೋಗುವ ಮನೆ ಅದು. ಅವಳು ಹೇಳಿದ ಹಾಗೇ ಎರಡು ಒಲೆಗಳಿದ್ದವು. ನಡುವೆ ಪಾತ್ರೆಗಳ ಒಂದು ಸಾಲು, ಎರಡು ದೇಶಗಳ ಗಡಿಯ ಹಾಗೆ. ಅವಳ ಗಂಡ ಎತ್ತರದ, ಬಡಕಲು ಮನುಷ್ಯ. ಬಡಗಿ ಕೆಲಸದವರು. ಮಣೆಯ ಮೇಲೆ ಕುಳಿತು ಉಳಿ ಮಸೆಯುತ್ತಿದ್ದರು. ಮೈಯಲ್ಲಿ ಇನ್ನೂ ಜ್ವರದ ಸುಸ್ತಿತ್ತು. ಬೇಳೆಯಕ್ಕ ಬಾಗಿಲಲ್ಲೇ ನಿಂತು ಅದೇ ಮಾತುಗಳನ್ನು ಹೇಳಿದಳು. ಒಂದು ಪದ ಹೆಚ್ಚಿಲ್ಲ, ಕಡಿಮೆಯಿಲ್ಲ. ತಾಯಿ ಒಡೆದ ಬೇಳೆಯನ್ನು ಬಟ್ಟೆಯಿಂದ ಬಿಚ್ಚಿ ಗಂಡನ ಮುಂದೆ ಇಟ್ಟಳು.

ಅವರು ಉಳಿ ಕೆಳಗಿಟ್ಟರು. ಒಂದು ಬೇಳೆಯನ್ನು ಎತ್ತಿಕೊಂಡು ಮರದ ನಾರು ನೋಡುವವರಂತೆ ಹತ್ತಿರ ಹಿಡಿದು ನೋಡಿದರು.

"ಆವತ್ತು ಅವಳಿಗೆ ಹಸಿವಾಗಿತ್ತಾ?" ಎಂದು ಕೇಳಿದರು.

ಇಂಥ ಪ್ರಶ್ನೆಗೆ ಬೇಳೆಯಕ್ಕ ಸಿದ್ಧಳಾಗಿರಲಿಲ್ಲ.

"ಹೌದಣ್ಣ," ಅಂದಳು. "ಸಾರು ಚೆನ್ನಾಗಿದೆ ಅಂತ ಎರಡನೇ ಸೌಟು ಹಾಕಿಸ್ಕೊಂಡ್ಲಂತೆ. ಬಡಿಸೋಳು ಹೇಳಿದ್ಲು."

ಅವರು ಮಣೆಯಿಂದ ಎದ್ದರು. ಹೆಂಡತಿಯ ಕಡೆ ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಒಂದು ಕೈಯಲ್ಲಿ ಗೋಡೆ ಹಿಡಿದು ನಡೆಯುತ್ತಾ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಬಂದ ಸದ್ದನ್ನು ನಾನು ಮನುಷ್ಯರ ಸದ್ದು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಹೊರಡಿ ಇನ್ನು," ಅಂದಳು ತಾಯಿ ನಮಗೆ. ದನಿಯಲ್ಲಿ ಸಿಟ್ಟಿರಲಿಲ್ಲ, ಕ್ಷಮೆಯೂ ಇರಲಿಲ್ಲ. ಅವಳು ಆಗಲೇ ಆ ಮುಚ್ಚಿದ ಬಾಗಿಲ ಕಡೆ ತಿರುಗಿದ್ದಳು.

ಬಸ್ ನಿಲ್ದಾಣದಲ್ಲಿ ಬೇಳೆಯಕ್ಕ ಕಲ್ಲಿನ ಬೆಂಚಿನ ಮೇಲೆ ಕುಸಿದಳು. ನೀರು ಕೊಟ್ಟೆ. ಕುಡಿಯಲಿಲ್ಲ, ಬಾಟಲಿಯನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಕಾಳು ಒಡೀವಾಗ ನಾನೇನು ಬೇಡ್ಕೊಂಡೆ ಗೊತ್ತೇನೇ? ಕೆಂಪಿರ್ಲಿ ಅಂತ. ಒಂದೇ ಒಂದಾದ್ರೂ ಕೆಂಪಿರ್ಲಿ ಅಂತ. ಹೆತ್ತೋಳ ತಲೆ ಮೇಲೆ ಹೋಗ್ಲಿ, ನಂದು ಬಿಟ್ಟುಹೋಗ್ಲಿ ಅಂತ." ನನ್ನ ಕೈ ಹಿಡಿದುಕೊಂಡಳು. "ಎಂಥಾ ಹೆಂಗಸು ನಾನು!"

ನಾನೂ ಅದನ್ನೇ ಬೇಡಿಕೊಂಡಿದ್ದೆ.

ಹಾಸ್ಟೆಲಿನ ಮೇಲಧಿಕಾರಿಗಳ ಕಚೇರಿಗೆ ಅವಳು ಎಲ್ಲವನ್ನೂ ಬರೆಸಿ ಕಳಿಸಿದಳು, ನನ್ನ ಕೈಯಲ್ಲೇ ಬರೆಸಿದಳು. ನಾಲ್ಕು ತಿಂಗಳ ಮೇಲೆ ಇಬ್ಬರು ಬಂದು ಹೇಳಿಕೆ ತೆಗೆದುಕೊಂಡು ಹೋದರು. ಹಳೆಯ ಕಡತ ಸಿಗುತ್ತಿಲ್ಲ ಎಂದು ಒಂದು ಕಾಗದ ಬಂತು, ಆಮೇಲೆ ಅದೂ ಬರಲಿಲ್ಲ. ಶಿಕ್ಷೆಯಾಗಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೋ ಏನೋ. ಹನ್ನೊಂದು ಗಂಟೆಗೆ ಅವಳ ಕೈ ಆಮೇಲೂ ನಿಲ್ಲುತ್ತಿತ್ತು. ಇನ್ನೂ ಬರ್ತಾಳಾ ಎಂದು ಒಮ್ಮೆ ಕೇಳಿದೆ. "ಬರ್ತಾಳೆ," ಅಂದಳು, "ಅವಳಿಗೆ ಇನ್ನೆಲ್ಲಿ ಹೋಗೋದಿದೆ?" ಆ ಮಾತಿನಲ್ಲಿ ಭಯಕ್ಕಿಂತ ಕಕ್ಕುಲಾತಿ ಹೆಚ್ಚಿತ್ತು.

ಬಡಗಿಯ ಮನೆಯಲ್ಲಿ ಏನಾಯಿತು ಎಂದು ನಾವು ಕೇಳಲು ಹೋಗಲಿಲ್ಲ. ಒಂದು ವರ್ಷದ ಮೇಲೆ ಆ ಕಡೆಯ ಗಿರಾಕಿಯೊಬ್ಬರು, ಗಂಡ ಹೆಂಡತಿ ಇಬ್ಬರೂ ಒಂದೇ ತಟ್ಟೆಗೆ ಕೈ ಹಾಕಿ ಉಣ್ಣುತ್ತಿದ್ದದ್ದನ್ನು ಕಂಡೆ ಎಂದರು. ಅವರಿಗೆ ಅದು ನಗುವ ಮಾತಾಗಿತ್ತು, ಈ ವಯಸ್ಸಲ್ಲಿ ಎಂದು.

ಬೇಳೆಯಕ್ಕ ಮತ್ತೆ ಐದು ವರ್ಷ ಬದುಕಿದಳು. ಹೋದದ್ದು ಒಂದು ಮಧ್ಯಾಹ್ನ, ಗೋಡೌನಿನಲ್ಲಿ, ಉದ್ದು ಆರಿಸುತ್ತಿದ್ದಾಗ. ತಿಳಿಸಬೇಕಾದ ನೆಂಟರು ಯಾರೂ ಇರಲಿಲ್ಲ. ಬಡಗಿಯ ಮನೆಗೆ ಮಾತ್ರ ಹೇಳಿಕಳಿಸಿದೆ, ಯಾಕೆಂದು ನನಗೇ ತಿಳಿಯದೆ. ಆ ತಾಯಿ ಒಬ್ಬಳೇ ಬಂದಳು. ಗೋಡೌನಿನ ಒಳಗೆ ಬರಲಿಲ್ಲ. ಹೊರಗಿನ ಕಟ್ಟೆಯ ಮೇಲೆ, ಚಪ್ಪಲಿ ಬಿಚ್ಚಿಟ್ಟು, ಕಾಲು ಮಡಚಿ, ಬಹಳ ಹೊತ್ತು ಕುಳಿತಿದ್ದಳು. ಅತ್ತಳೋ ಇಲ್ಲವೋ ನನಗೆ ನೋಡಲಾಗಲಿಲ್ಲ. ಮುಂದುಗಡೆ ಗಿರಾಕಿಗಳು ಬಂದು ಕರೆಯುತ್ತಿದ್ದರು.